‘ಐ ಲವ್ ಯೂ’ ಮತ್ತು ಕುರುಗೋಡಿನ ಅಜ್ಜಿ

ಎರಡು ವರ್ಷಗಳ ಹಿಂದೆ ದೀಪಾವಳಿಗೆ ಕುರುಗೋಡಿನ ಅಜ್ಜಿಯ ಮನೆಯಲ್ಲಿದ್ದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಚಿಕ್ಕಪ್ಪನ ಮಗ ವಿಡಿಯೊ ಕಾಲ್ ಮಾಡಿದ. ಅವನಿಗೆ ಕನ್ನಡ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಫೋನ್ ಇಡುವ ಮುಂಚೆ ‘ಲವ್ ಯೂ ಅಜ್ಜಿ’ ಎಂದ. ಅಜ್ಜಿ ನನ್ನ ಕಡೆ ತಿರುಗಿ, “ಏನಂತಾನವ್ವಾ ಅವ್ನು?” ಎಂದು ಕೇಳಿದಳು. ಅನುವಾದದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ನಾನು. ಒಂದು ಕ್ಷಣವೂ ಯೋಚಿಸದೆ, “ಪ್ರೀತಿಸ್ತಾನಂತೆ ಅಜ್ಜಿ” ಎಂದುಬಿಟ್ಟೆ.

ಅಜ್ಜಿಯ ಮುಖ ಬದಲಾಯಿತು. “ಯಾರನ್ನ? ಯಾವ ಹುಡುಗೀನ? ಅವರಪ್ಪಗ ಗೊತ್ತೈತೇನು?”

ಅಷ್ಟರಲ್ಲಿ ನಗು ತಡೆಯಲಾಗದೆ, ಹುಡುಗಿ ಯಾರೂ ಇಲ್ಲ, ನಿನ್ನನ್ನೇ ಎಂದು ಹೇಳಿದೆ. ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿ, ಫೋನಿನ ಹತ್ತಿರ ಬಾಗಿ, “ಆತು ನಮ್ಮಪ್ಪಾ, ಉಂಡಿಯೇನು?” ಎಂದಳು. ಅವನು ಉಂಡೆ ಎಂದು ತಲೆಯಾಡಿಸಿ ಫೋನಿಟ್ಟ. ರಾತ್ರಿ ನನಗೊಂದು ಮೆಸೇಜು ಕಳಿಸಿದ. ‘ನಾನು ಪ್ರತಿ ಸಲ ಹೇಳುತ್ತೇನೆ, ಅಜ್ಜಿ ಒಮ್ಮೆಯೂ ತಿರುಗಿ ಹೇಳಿಲ್ಲ. ಅವಳಿಗೆ ನನ್ನ ಮೇಲೆ ಅಷ್ಟೇನೂ ಇಲ್ಲವಾ?’ ಎಂಬುದು ಅದರ ಸಾರ.

ಆ ಮೆಸೇಜಿಗೆ ನಾನು ಆಗ ಕೊಟ್ಟ ಉತ್ತರ ಎಲ್ಲರೂ ಕೊಡುವಂಥದ್ದೇ: ನಮ್ಮ ಕಡೆ ಪ್ರೀತಿಯನ್ನು ಬಾಯಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತಾರೆ. ಆ ಉತ್ತರ ತಪ್ಪು ಎಂದು ಈಗ ಅನಿಸುತ್ತದೆ. ಅಜ್ಜಿ ಬಾಯಲ್ಲೇ ಹೇಳಿದ್ದಳು. ಅವಳ ಉತ್ತರ ‘ಉಂಡಿಯೇನು’ ಎಂಬ ಪ್ರಶ್ನೆಯಲ್ಲಿ ಮಾತ್ರ ಇರಲಿಲ್ಲ, ಅದಕ್ಕೂ ಮುಂಚಿನ ‘ನಮ್ಮಪ್ಪಾ’ ಎಂಬ ಕರೆಯಲ್ಲಿ ಇತ್ತು. ಬಳ್ಳಾರಿ ಸೀಮೆಯಲ್ಲಿ ಅಜ್ಜಿ ಮೊಮ್ಮಗನನ್ನು ಅಪ್ಪ ಎನ್ನುತ್ತಾಳೆ, ತಾಯಿ ಮಗಳನ್ನು ಯವ್ವಾ ಎನ್ನುತ್ತಾಳೆ. ಚಿಕ್ಕವರನ್ನು ತನ್ನ ಹಿರಿಯರ ಜಾಗದಲ್ಲಿ ಕೂರಿಸಿ ಕರೆಯುವ ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಸಮನಾದದ್ದು ಇಲ್ಲ. ಹಾಗಾಗಿ ಹುಡುಗ ಕಾಯುತ್ತಿದ್ದ ಮಾತು ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅಜ್ಜಿಯ ಪ್ರಶ್ನೆ. ‘ಪ್ರೀತಿಸ್ತಾನಂತೆ’ ಎಂದ ಕೂಡಲೇ ಅವಳಿಗೆ ‘ಯಾವ ಹುಡುಗೀನ’ ಎಂದು ಯಾಕೆ ಕೇಳಿಸಿತು? ನಿಘಂಟಿನ ಪ್ರಕಾರ ನಾನು ಮಾಡಿದ ಅನುವಾದದಲ್ಲಿ ತಪ್ಪಿರಲಿಲ್ಲವಲ್ಲ.

ತಪ್ಪು ಕ್ರಿಯಾಪದದಲ್ಲಿತ್ತು. ಪ್ರೀತಿ ಎಂಬುದು ಎಲ್ಲರ ಬಾಯಲ್ಲಿರುವ ಪದ. ಅಜ್ಜಿಗೆ ಮೊಮ್ಮಗನ ಮೇಲೆ, ರೈತನಿಗೆ ಎತ್ತಿನ ಮೇಲೆ, ಯಾರಿಗೆ ಯಾರ ಮೇಲೆ ಬೇಕಾದರೂ ಪ್ರೀತಿ ಇರಬಹುದು. ಆದರೆ ಅದಕ್ಕೆ ‘ಇಸು’ ಸೇರಿಸಿ ‘ಪ್ರೀತಿಸು’ ಮಾಡಿದ ಕೂಡಲೇ ಅರ್ಥ ಕಿರಿದಾಗುತ್ತದೆ. ಮಾತಿನ ಕನ್ನಡದಲ್ಲಿ ‘ಅವರಿಬ್ಬರೂ ಪ್ರೀತಿಸ್ತಿದ್ದಾರೆ’ ಎಂದರೆ ಮದುವೆಯ ಮಾತು ಬಂತು, ಮನೆಯವರ ಒಪ್ಪಿಗೆಯ ಮಾತು ಬಂತು ಎಂದೇ ಲೆಕ್ಕ. ಬರಹದ ಕನ್ನಡದಲ್ಲಿ ದೇಶವನ್ನು ಪ್ರೀತಿಸಬಹುದು, ನೆರೆಯವರನ್ನು ಪ್ರೀತಿಸಬಹುದು. ಕುರುಗೋಡಿನ ಪಡಸಾಲೆಯಲ್ಲಿ ಹುಡುಗ ಹುಡುಗಿಯನ್ನು ಮಾತ್ರ ಪ್ರೀತಿಸುತ್ತಾನೆ. ಅಜ್ಜಿಯ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕನ್ನಡದಲ್ಲಿ ಮನಸ್ಸಿನ ಸ್ಥಿತಿಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ‘ನಾನು’ ಎಂದು ಶುರುಮಾಡುವುದಿಲ್ಲ, ‘ನನಗೆ’ ಎಂದು ಶುರುಮಾಡುತ್ತೇವೆ. ನನಗೆ ಹಸಿವಾಗಿದೆ, ನನಗೆ ಸಿಟ್ಟು ಬಂತು, ನನಗೆ ನೆನಪಿದೆ, ನನಗೆ ಗೊತ್ತು. ಭಾಷಾಶಾಸ್ತ್ರದವರು ಇದನ್ನು ಚತುರ್ಥಿ ವಿಭಕ್ತಿಯ ಕರ್ತೃ ಎಂದು ಚರ್ಚಿಸುತ್ತಾರೆ. ಸರಳವಾಗಿ ಹೇಳಿದರೆ, ಇಲ್ಲಿ ಮನುಷ್ಯ ಭಾವನೆಯನ್ನು ಮಾಡುವವನಲ್ಲ. ಭಾವನೆ ಅವನಿಗೆ ಬರುತ್ತದೆ, ಆಗುತ್ತದೆ, ಇರುತ್ತದೆ. ಪ್ರೀತಿಯದ್ದೂ ಇದೇ ಸಾಲು: ನನಗೆ ನಿನ್ನ ಮೇಲೆ ಪ್ರೀತಿ, ನೀನಂದ್ರೆ ನನಗೆ ಇಷ್ಟ. ಇಂಗ್ಲಿಷಿನ ವಾಕ್ಯದಲ್ಲಿ ಒಬ್ಬ ಮಾಡುವವನಿದ್ದಾನೆ, ಒಂದು ಕೆಲಸವಿದೆ, ಆ ಕೆಲಸಕ್ಕೆ ಗುರಿಯಾದವರಿದ್ದಾರೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದು ಈ ಮೂರನ್ನೂ ಹಾಗೇ ಎತ್ತಿ ತಂದ ವಾಕ್ಯ. ವ್ಯಾಕರಣಕ್ಕೆ ಸರಿ. ಆದರೆ ಹಸಿವಿನ ಬಗ್ಗೆ ‘ನಾನು ಹಸಿಯುತ್ತೇನೆ’ ಎಂದರೆ ಹೇಗೋ, ಅದರ ದೂರದ ನೆಂಟನಂತೆ ಕೇಳಿಸುತ್ತದೆ.

ಕಾಲದ ತೊಡಕೂ ಇದೆ. ಇಂಗ್ಲಿಷಿನ ಮಾತು ಈಗ ಇರುವ ಸ್ಥಿತಿಯನ್ನು ಹೇಳುತ್ತದೆ. ಕನ್ನಡದ ‘-ಉತ್ತೇನೆ’ ರೂಪ ಹಾಗಲ್ಲ. ನಾಳೆ ಬರುತ್ತೇನೆ, ದಿನಾ ಬರುತ್ತೇನೆ. ಎರಡಕ್ಕೂ ಅದೇ ರೂಪ. ಆದ್ದರಿಂದ ‘ಪ್ರೀತಿಸುತ್ತೇನೆ’ ಎಂಬುದರಲ್ಲಿ ‘ಇನ್ನು ಮುಂದೆ’ ಎಂಬ ಭರವಸೆಯ ಎಳೆಯೊಂದು ಸೇರಿಕೊಳ್ಳುತ್ತದೆ. ಸಿರುಗುಪ್ಪದ ನನ್ನ ಗೆಳತಿಯ ಮನೆಮಾತು ತೆಲುಗು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಭತ್ತ ಬೆಳೆಯಲು ಬಂದು ನೆಲೆಸಿದವರ ‘ಕ್ಯಾಂಪು’ಗಳಲ್ಲೊಂದರಲ್ಲಿ ಬೆಳೆದವಳು. ಅವಳ ಪ್ರಕಾರ ತೆಲುಗಿನಲ್ಲಿ ಈ ಮಾತಿಗೆ ‘ಪ್ರೇಮಿಸ್ತುನ್ನಾನು’ ಎನ್ನಬೇಕು, ಅಂದರೆ ಪ್ರೀತಿಸುತ್ತಿದ್ದೇನೆ. ‘ಪ್ರೇಮಿಸ್ತಾನು’ ಎಂದರೆ ನಾಳೆಯಿಂದ ಶುರುಮಾಡುತ್ತೇನೆ ಎಂದಂತೆ. ಕನ್ನಡ ಮತ್ತು ತೆಲುಗು ಇಷ್ಟು ಹತ್ತಿರದ ಭಾಷೆಗಳು, ಒಂದೇ ಸಂತೆಯಲ್ಲಿ ಒಟ್ಟಿಗೆ ವ್ಯಾಪಾರ ಮಾಡುವ ಭಾಷೆಗಳು. ಆದರೂ ಇಂಗ್ಲಿಷಿನ ಮೂರು ಪದಗಳನ್ನು ಇಳಿಸಿಕೊಳ್ಳುವಾಗ ಬೇರೆ ಬೇರೆ ಕಾಲರೂಪಗಳನ್ನು ಆರಿಸಿಕೊಂಡಿವೆ.

ಇಳಿಸಿಕೊಂಡ ಮಾತನ್ನು ಬಿಟ್ಟು ಮನೆಯಲ್ಲಿ ಆಡುವ ಮಾತಿಗೆ ಬಂದರೆ ಮಾತ್ರ ಎರಡೂ ಮತ್ತೆ ಜೊತೆಯಾಗುತ್ತವೆ. ಅವಳು ‘ನುವ್ವಂಟೆ ನಾಕು ಇಷ್ಟಂ’ ಎನ್ನುತ್ತಾಳೆ, ನಾನು ‘ನೀನಂದ್ರೆ ನನಗಿಷ್ಟ’ ಎನ್ನುತ್ತೇನೆ. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ದಖನಿ ಮಾತಾಡುವವರ ವಾಕ್ಯವೂ ‘ಮೇರೆಕು’ ಎಂದು, ಅಂದರೆ ‘ನನಗೆ’ ಎಂದೇ ಶುರುವಾಗುತ್ತದೆ. ಕನ್ನಡ, ತೆಲುಗಿನ ವಾಕ್ಯದಲ್ಲಿ ಇನ್ನೂ ಒಂದು ಸೊಗಸಿದೆ. ‘ಅಂದ್ರೆ’, ‘ಅಂಟೆ’ ಎರಡಕ್ಕೂ ಮೂಲ ಅರ್ಥ ‘ಎಂದು ಹೇಳಿದರೆ’. ‘ನೀನು’ ಎಂದರೆ ಸಾಕು, ನನಗೆ ಇಷ್ಟವಾಗುತ್ತದೆ. ಇಲ್ಲಿ ಯಾರೂ ಯಾರ ಮೇಲೂ ಏನನ್ನೂ ಮಾಡುತ್ತಿಲ್ಲ.

ಹಾಗಾದರೆ ಕನ್ನಡಕ್ಕೆ ಇದಕ್ಕೊಂದು ತನ್ನದೇ ಕ್ರಿಯಾಪದ ಇರಲಿಲ್ಲವೆ? ಇತ್ತು, ಇದೆ. ‘ಒಲ್’ ಎಂಬ ಧಾತು. ಒಲವು, ಒಲುಮೆ, ಒಲಿ ಎಲ್ಲ ಅದರ ಮಕ್ಕಳು. ಈಗ ಅದರ ಪಾಡು ನೋಡಿ. ಒಲವು ಕವಿತೆಗೆ ಹೋಯಿತು. ಒಲಿಯುವುದು ದೇವರ ಕೆಲಸವಾಯಿತು. ಕುರುಗೋಡಿನ ದೊಡ್ಡಬಸವೇಶ್ವರ ಭಕ್ತನಿಗೆ ಒಲಿಯುತ್ತಾನೆ, ಭಕ್ತನನ್ನು ಒಲಿಯುವುದಿಲ್ಲ. ಅಲ್ಲೂ ‘ಗೆ’ ಬಂತು ಎಂಬುದನ್ನು ಗಮನಿಸಿ. ನಮ್ಮ ದಿನದ ಬಾಯಲ್ಲಿ ಉಳಿದಿರುವುದು ಆ ಧಾತುವಿನ ನಿಷೇಧ ರೂಪ ಮಾತ್ರ: ಒಲ್ಲೆ. ಇನ್ನೊಂದು ರೊಟ್ಟಿ ಹಾಕಲು ಬಂದರೆ ‘ನಾ ಒಲ್ಲೆ’, ಗಂಡು ನೋಡಲು ಬಂದರೆ ‘ನಾ ಒಲ್ಲೆ’. ಒಲ್ಲೆ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮ್ಮ ಜನ, ಅದೇ ಧಾತುವಿನಲ್ಲಿ ‘ಹೂಂ’ ಎನ್ನಲು ಗುಡಿಗೋ ಕವಿತೆಗೋ ಹೋಗಬೇಕು.

ಆ ಖಾಲಿ ಜಾಗಕ್ಕೆ ಇಂಗ್ಲಿಷಿನ ಮಾತೇ ಬಂದು ಕೂತಿತು. ಆದರೆ ಬಂದದ್ದು ಇಂಗ್ಲಿಷಿನ ಅರ್ಥದಲ್ಲಲ್ಲ. ‘ಅವನು ಅವಳಿಗೆ ಐ ಲವ್ ಯೂ ಹೇಳಿದ’ ಎಂಬುದನ್ನು ಕೇಳಿ. ಇಲ್ಲಿ ಐ ಲವ್ ಯೂ ಒಂದು ವಾಕ್ಯವಲ್ಲ, ಒಂದು ಘಟನೆಯ ಹೆಸರು. ಅದು ಒಂದೇ ಸಲ ನಡೆಯುತ್ತದೆ, ಕಾಲೇಜಿನ ಗೇಟಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನಡೆಯುತ್ತದೆ. ಆಮೇಲೆ ಇಡೀ ತರಗತಿ ‘ಏನಂದಳು?’ ಎಂದು ಕೇಳುತ್ತದೆ. ಇಂಗ್ಲಿಷ್ ಮನೆಗಳಲ್ಲಿ ಅದೇ ಮಾತು ಫೋನಿಡುವಾಗಿನ, ಬಾಗಿಲು ದಾಟುವಾಗಿನ ಮಾತು. ಅಲ್ಲಿ ಅದಕ್ಕೆ ಉತ್ತರ ಅದೇ ಮಾತು. ಇಲ್ಲಿ ಉತ್ತರ ಹೂಂ ಅಥವಾ ಒಲ್ಲೆ. 2019ರಲ್ಲಿ ಆರ್. ಚಂದ್ರು ನಿರ್ದೇಶನದಲ್ಲಿ ಉಪೇಂದ್ರ ನಟಿಸಿದ ಚಿತ್ರವೊಂದು ಕನ್ನಡ, ತೆಲುಗು ಎರಡರಲ್ಲೂ ‘ಐ ಲವ್ ಯೂ’ ಎಂಬ ಒಂದೇ ಹೆಸರಿನಿಂದ ಬಂತು. ಎರಡು ಭಾಷೆಗೂ ಹೆಸರನ್ನು ಅನುವಾದಿಸುವ ಅಗತ್ಯವಿರಲಿಲ್ಲ. ಆ ಮೂರು ಪದಗಳು ಆಗಲೇ ಕನ್ನಡವೂ ಆಗಿದ್ದವು, ತೆಲುಗೂ ಆಗಿದ್ದವು.

ಇಷ್ಟು ಹೊತ್ತು ಹೇಳಿದ್ದು ಮನೆಯ, ಬೀದಿಯ ಮಾತು. ಸಾಹಿತ್ಯದ ಅನುವಾದದಲ್ಲಿ ಇದು ಎಷ್ಟು ದೂರ ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದು ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮೊದಲ ದೃಶ್ಯವನ್ನು ಬಳ್ಳಾರಿಯಲ್ಲಿ ಕೆಲವು ವಿದ್ಯಾರ್ಥಿಗಳ ವಾಚನಕ್ಕೆಂದು ಕನ್ನಡ ಮಾಡಲು ಕೂತಾಗ. ಕಥೆ ಗೊತ್ತಿರುವುದೇ. ಮುಪ್ಪಿನ ರಾಜ ರಾಜ್ಯವನ್ನು ಮೂರು ಪಾಲು ಮಾಡುತ್ತಾನೆ. ಯಾರಿಗೆ ನನ್ನ ಮೇಲೆ ಹೆಚ್ಚು ಪ್ರೀತಿ ಹೇಳಿ, ಅದರಂತೆ ಕೊಡುತ್ತೇನೆ ಎನ್ನುತ್ತಾನೆ. ದೊಡ್ಡವಳು ಗಾನೆರಿಲ್, ನಡುವಿನವಳು ರೀಗನ್ ಬಣ್ಣದ ಮಾತಾಡಿ ಪಾಲು ಪಡೆಯುತ್ತಾರೆ. ಕಿರಿಯವಳು ಕಾರ್ಡೀಲಿಯಾ ಮೊದಲು ಹೇಳಲು ಏನೂ ಇಲ್ಲ ಎನ್ನುತ್ತಾಳೆ. ಒತ್ತಾಯಿಸಿದಾಗ, ಮಗಳೆಂಬ ಸಂಬಂಧ ಎಷ್ಟು ಕೇಳುತ್ತದೋ ಅಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬರ್ಥದ ಮಾತಾಡಿ ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಇಡೀ ದುರಂತ ಈ ಒಂದು ಸುತ್ತಿನ ಮಾತಿನ ಮೇಲೆ ನಿಂತಿದೆ.

ಮೊದಲ ಕರಡಿನಲ್ಲಿ ಗಾನೆರಿಲ್ ‘ತಂದೆಯೇ, ನಾನು ನಿಮ್ಮನ್ನು ಮಾತಿಗೂ ಮೀರಿ ಪ್ರೀತಿಸುತ್ತೇನೆ’ ಎಂದಳು. ಓದಿದ ಹುಡುಗಿ ಅರ್ಧದಲ್ಲೇ ನಕ್ಕಳು, ಉಳಿದವರೂ ನಕ್ಕರು. ಕಾರಣ ಈಗ ಸ್ಪಷ್ಟ. ಅಪ್ಪನಿಗೆ ಹೇಳಲಾಗದ ಕ್ರಿಯಾಪದವನ್ನು ಅಪ್ಪನಿಗೆ ಹೇಳಿಸಿದ್ದೆ. ಇಂಗ್ಲಿಷಿನಲ್ಲಿ ಗಾನೆರಿಲ್ ಶುರುಮಾಡುವುದು ಮಗಳು ತಂದೆಗೆ ಆಡಬಹುದಾದ ಮಾತಿನಿಂದ. ಅತಿರೇಕ ಬರುವುದು ಆಮೇಲೆ. ಆದ್ದರಿಂದ ಮೋಸ ಹೋಗಲು ಅಲ್ಲಿ ಜಾಗವಿದೆ. ನನ್ನ ಕನ್ನಡದಲ್ಲಿ ಅವಳ ಮೊದಲ ವಾಕ್ಯವೇ ಸುಳ್ಳು ಎಂದು ಕೇಳಿಸಿತು. ಅದನ್ನು ನಂಬುವ ಲಿಯರ್ ಮುದುಕನಾಗಿ ಕಾಣಲಿಲ್ಲ, ದಡ್ಡನಾಗಿ ಕಂಡ. ದಡ್ಡನಿಗೆ ಒದಗಿದ ಕಷ್ಟ ಕನಿಕರ ಹುಟ್ಟಿಸಬಹುದು, ದುರಂತವಾಗಲಾರದು.

ಕಾರ್ಡೀಲಿಯಾಳ ವಿಷಯದಲ್ಲಿ ಆದದ್ದು ಇದಕ್ಕೆ ನೇರ ಎದುರು. ಅವಳ ಮಾತಿನ ಕೇಂದ್ರದಲ್ಲಿರುವ ಪದ ‘ಬಾಂಡ್’. ಅದರಲ್ಲಿ ರಕ್ತಸಂಬಂಧವೂ ಇದೆ, ಕರಾರುಪತ್ರವೂ ಇದೆ. ‘ವೆನಿಸ್ಸಿನ ವ್ಯಾಪಾರಿ’ಯಲ್ಲಿ ಶೈಲಾಕ್ ಕೈಯಲ್ಲಿ ಹಿಡಿದಿರುವ ಪತ್ರಕ್ಕೂ ಷೇಕ್ಸ್‌ಪಿಯರ್ ಇದೇ ಪದ ಬಳಸಿದ್ದಾನೆ. ನನಗೆ ಥಟ್ಟನೆ ಹೊಳೆದದ್ದು ‘ಋಣ’. ಸಂಬಂಧವೂ ಹೌದು, ಸಾಲವೂ ಹೌದು, ಎಷ್ಟು ಸರಿಯಾದ ಪದ ಎಂದು ಹಿಗ್ಗಿ, ‘ಮಗಳ ಋಣಕ್ಕೆ ತಕ್ಕಂತೆ ನಿಮ್ಮ ಮೇಲೆ ಪ್ರೀತಿಯಿದೆ’ ಎಂದು ಬರೆದೆ. ವಾಚನ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: “ಮೇಡಂ, ಅವಳು ಇಷ್ಟು ದೊಡ್ಡ ಮಾತು ಹೇಳಿದಳು, ಅಪ್ಪ ಯಾಕೆ ಸಿಟ್ಟಾದ?”

ಅವನ ಪ್ರಶ್ನೆ ನನ್ನ ಅನುವಾದದ ಮೇಲಿನ ತೀರ್ಪು. ಇಂಗ್ಲಿಷ್ ಕೇಳುಗನಿಗೆ ಆ ಪದ ಬಿಸಿಯಾದ ಸಭೆಯಲ್ಲಿ ತಣ್ಣೀರು ಎರಚಿದಂತೆ ಕೇಳಿಸಬೇಕು. ಕನ್ನಡದಲ್ಲಿ ತಂದೆತಾಯಿಯ ಋಣಕ್ಕಿಂತ ದೊಡ್ಡದು ಯಾವುದಿದೆ? ಅದು ತೀರಿಸಲಾಗದ್ದು ಎಂದು ಎಲ್ಲರಿಗೂ ಗೊತ್ತು. ತೀರಿಸಲಾಗದ್ದಕ್ಕೆ ‘ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ’ ಎಂಬ ಅಳತೆ ಕೂಡ ಹೊಂದುವುದಿಲ್ಲ. ಹೀಗೆ ಒಂದೇ ಪುಟದಲ್ಲಿ ಎರಡು ಅಪಘಾತ ಮಾಡಿದ್ದೆ. ಸುಳ್ಳು ಹೇಳುವವಳ ಮಾತನ್ನು ಯಾರೂ ನಂಬದಷ್ಟು ತೆಳು ಮಾಡಿದ್ದೆ. ನಿಜ ಹೇಳುವವಳ ಮಾತನ್ನು ಯಾರೂ ಕೋಪಿಸಿಕೊಳ್ಳಲಾಗದಷ್ಟು ಭಾರ ಮಾಡಿದ್ದೆ. ಎರಡೂ ಕಡೆ ಪದದ ಅರ್ಥ ಸರಿಯಿತ್ತು, ತೂಕ ತಪ್ಪಿತ್ತು.

ಎರಡನೆಯ ಸಲ ಅರ್ಥದಿಂದ ಹೊರಡಲಿಲ್ಲ. ಪ್ರತಿ ಮಾತಿಗೂ ಮೂರು ಪ್ರಶ್ನೆ ಹಾಕಿಕೊಂಡೆ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಇಂಥ ಮಾತು ಅವರ ನಡುವೆ ಮೊದಲ ಸಲದ್ದೋ ದಿನದ್ದೋ, ಕೇಳಿದವರು ಈಗ ಏನು ಮಾಡಬೇಕು? ಲಿಯರನ ಪ್ರಶ್ನೆಗೆ ದಾರಿ ಸಿಕ್ಕಿದ್ದು ನಮ್ಮ ಮನೆಗಳಲ್ಲೇ. ನೆಂಟರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ನಿನಗೆ ಅಪ್ಪ ಇಷ್ಟಾನೋ, ಅಮ್ಮ ಇಷ್ಟಾನೋ’ ಎಂದು ಕೇಳುವುದಿಲ್ಲವೆ? ಕೇಳುವವರಿಗೆ ತಮಾಷೆ, ಮಗುವಿಗೆ ಪೀಕಲಾಟ. ಲಿಯರ್ ‘ನಿಮ್ಮಲ್ಲಿ ಯಾರಿಗೆ ನಾನಂದ್ರೆ ಹೆಚ್ಚು ಇಷ್ಟ?’ ಎಂದು ಕೇಳಿದ ಕೂಡಲೇ ಆ ಹಳೆಯ ಆಟ ನೆನಪಾಗಿ, ಅದಕ್ಕೆ ರಾಜ್ಯವನ್ನು ಪಣವಿಟ್ಟಿದ್ದಾನೆ ಎಂಬುದು ಭಯ ಹುಟ್ಟಿಸಿತು.

ಗಾನೆರಿಲ್‌ಗೆ ‘ಅಪ್ಪಾಜಿ, ನೀವಂದ್ರೆ ನನಗೆ ಪ್ರಾಣ’ ಎಂದು ಕೊಟ್ಟೆ. ಇದು ಅತಿಯಾದ ಮಾತೇ, ಆದರೆ ನಮ್ಮಲ್ಲಿ ಹೆಣ್ಣುಮಕ್ಕಳು ನಿಜವಾಗಿ ಆಡುವ ಮಾತು. ಅದನ್ನು ನಂಬಿದ ತಂದೆಯನ್ನು ನೋಡಿ ನಗಲಾಗುವುದಿಲ್ಲ. ಅವಳು ತಂದೆಯನ್ನು ತನ್ನ ಕಣ್ಣಿಗಿಂತ ಹೆಚ್ಚು ಎನ್ನುವುದನ್ನು ಮಾತ್ರ ಬಿಡಲಿಲ್ಲ. ಗ್ಲಾಸ್ಟರನ ಕಣ್ಣು ಕೀಳಿಸಿ ಎಂದು ಮುಂದೆ ಮೊದಲು ಹೇಳುವವಳು ಅವಳೇ ಆದ್ದರಿಂದ ಆ ಕಣ್ಣು ಇರಲೇಬೇಕು. ಕಾರ್ಡೀಲಿಯಾಳಿಗೆ ಋಣ ಬಿಟ್ಟೆ. ‘ಕರ್ತವ್ಯ’ ಶಾಲೆಯ ಪ್ರಬಂಧದಂತಿತ್ತು, ‘ಕರಾರು’ ಎಂದರೆ ಬರೀ ಕೋರ್ಟಾಯಿತು. ಕೊನೆಗೆ ಸಿಕ್ಕಿದ್ದು ‘ಸಲ್ಲು’. ‘ಮಗಳಿಂದ ನಿಮಗೆ ಎಷ್ಟು ಸಲ್ಲಬೇಕೋ ಅಷ್ಟು ಪ್ರೀತಿ ಸಲ್ಲುತ್ತದೆ. ಹೆಚ್ಚಿಲ್ಲ, ಕಡಿಮೆಯಿಲ್ಲ.’ ಗೌರವ ಸಲ್ಲುತ್ತದೆ, ಪೂಜೆ ಸಲ್ಲುತ್ತದೆ, ಬಾಕಿ ಹಣವೂ ಸಲ್ಲುತ್ತದೆ. ಧರ್ಮದ ಮಾತೂ ಹೌದು, ಲೆಕ್ಕದ ಪುಸ್ತಕದ ಮಾತೂ ಹೌದು. ‘ನನಗೆ ನಿಮ್ಮ ಮೇಲೆ’ ಎಂಬ ಆತ್ಮೀಯತೆ ಬೇಕೆಂದೇ ಕಾಣೆಯಾದ ಈ ವಾಕ್ಯವನ್ನು ಓದಿದಾಗ ಯಾರೂ ನಗಲಿಲ್ಲ. ಆ ಹುಡುಗ ಅಪ್ಪ ಯಾಕೆ ಸಿಟ್ಟಾದ ಎಂದೂ ಕೇಳಲಿಲ್ಲ. “ಅವಳು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು” ಎಂದ. ನಾಟಕ ಕೇಳುವ ಪ್ರಶ್ನೆಯೂ ಅದೇ.

ಇದರಿಂದ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯವನ್ನೇ ಬಹಿಷ್ಕರಿಸಬೇಕು ಎಂದು ನಾನು ಹೇಳುತ್ತಿಲ್ಲ. ಪುಸ್ತಕ ಓದಿ, ಸಿನಿಮಾ ನೋಡಿ ಮಾತು ಕಲಿತ ಹುಡುಗನ ಪಾತ್ರಕ್ಕೆ ಅದಕ್ಕಿಂತ ಸರಿಯಾದ ವಾಕ್ಯವಿಲ್ಲ. ಮೊದಲ ಪ್ರೇಮಪತ್ರದಲ್ಲಿ ಅದರ ಬಿಗಿತವೇ ಅದರ ಚೆಲುವು. ಭಾಷೆ ನಿಂತಲ್ಲೇ ನಿಲ್ಲುವುದೂ ಇಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು ‘ಲವ್ ಯೂ ಅಮ್ಮ’ ಎಂದು ಸಲೀಸಾಗಿ ಹೇಳುತ್ತಾರೆ. ಅವರ ಬಾಯಲ್ಲಿ ‘ಐ’ ಬಿದ್ದುಹೋಗಿದೆ; ‘ಐ’ ಇದ್ದರೆ ಪ್ರೇಮನಿವೇದನೆ, ಇಲ್ಲದಿದ್ದರೆ ಮನೆಯ ಮಾತು ಎಂಬ ಹೊಸ ಕನ್ನಡ ವ್ಯಾಕರಣವೊಂದು ನಮ್ಮ ಕಣ್ಣೆದುರೇ ತಯಾರಾಗುತ್ತಿದೆ. ಮುಂದೆ ಲಿಯರ್ ಅನುವಾದಿಸುವವರು ಬೇರೆಯೇ ಲೆಕ್ಕ ಹಾಕಬೇಕಾಗಬಹುದು.

ಚಿಕ್ಕಪ್ಪನ ಮಗನಿಗೆ ಆಮೇಲೆ ಮತ್ತೊಮ್ಮೆ ಬರೆದೆ. ಅಜ್ಜಿ ನಿನ್ನನ್ನು ಅಪ್ಪ ಎಂದು ಕರೆಯುತ್ತಾಳೆ, ಅದು ಅವಳ ತಂದೆಯನ್ನು ಕರೆಯುವ ಪದ, ಅವಳು ಅದನ್ನು ನಿನಗೆ ಕೊಟ್ಟಿದ್ದಾಳೆ ಎಂದು ವಿವರಿಸಿದೆ. ಅವನು ಏನೂ ಉತ್ತರಿಸಲಿಲ್ಲ. ಮುಂದಿನ ಕರೆಯಲ್ಲಿ ಎಂದಿನಂತೆ ‘ಲವ್ ಯೂ ಅಜ್ಜಿ’ ಎಂದ. ಅಜ್ಜಿ ಎಂದಿನಂತೆ “ಆತು ನಮ್ಮಪ್ಪಾ, ಉಂಡಿಯೇನು?” ಎಂದಳು. ಈ ಸಲ ಅವನು ಫೋನಿಡಲಿಲ್ಲ. ತಡವರಿಸುತ್ತ, ತಪ್ಪು ಉಚ್ಚಾರದಲ್ಲಿ, “ನೀನ್ ಉಂಡೀ ಅಜ್ಜಿ?” ಎಂದು ಕೇಳಿದ. ಅಜ್ಜಿ ನನ್ನ ಕಡೆ ತಿರುಗಿ ಏನಂತಾನೆ ಎಂದು ಕೇಳಲಿಲ್ಲ.